ನಿಂತವನಿಂದ ಕವರ್ ಡ್ರೈವ್

ಮಗ ಸ್ಟಾನ್ಸ್‌ನಲ್ಲಿ ನಿಂತ ಫೋಟೊವನ್ನು ಎಐ ಚಿತ್ರ ತಂತ್ರಾಂಶಕ್ಕೆ ಕೊಟ್ಟು ‘ಕವರ್ ಡ್ರೈವ್ ಆಡಿಸು’ ಎಂದಷ್ಟೇ ಬರೆದರೆ, ಎಷ್ಟೋ ಸಲ ಕಾಲು ನಿಂತಲ್ಲೇ ಇದ್ದು ಕೈ ಮಾತ್ರ ಬೀಸುತ್ತದೆ. ಹೊಡೆತದ ಹೆಸರು ಸಾಲದು. ಮೈಭಾರ ಎಲ್ಲಿದೆ ಎಂದು ಹೇಳಬೇಕು.

ಬಲಗೈ ಆಟಗಾರನಿಗೆ ಹೀಗೆ ಬರೆಯಬಹುದು: ‘ಮುಖ, ಉಡುಪು ಫೋಟೊದಲ್ಲಿದ್ದಂತೆಯೇ ಇರಲಿ. ಎಡಗಾಲು ಚೆಂಡಿನತ್ತ ಚಾಚಿ ಮಂಡಿ ಬಾಗಿದೆ, ಭಾರವೆಲ್ಲ ಅದರ ಮೇಲೆ. ತಲೆ ಆ ಮಂಡಿಯ ನೇರಕ್ಕಿದೆ. ಬಲ ಹಿಮ್ಮಡಿ ಎದ್ದಿದೆ, ಬೆರಳುಗಳಷ್ಟೇ ನೆಲಕ್ಕೆ ತಾಗಿವೆ.’

ಇನ್ನು ಮಸುಕು. ಸೆಕೆಂಡಿಗೆ 20 ಮೀಟರ್ ವೇಗದ ಬ್ಯಾಟಿನ ತುದಿ, 1/250 ಸೆಕೆಂಡ್ ಶಟರ್ ತೆರೆದಿರುವಷ್ಟರಲ್ಲಿ 8 ಸೆಂ.ಮೀ. ಸರಿಯುತ್ತದೆ; ಮುಖ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆದ್ದರಿಂದ ‘ತುದಿಯಲ್ಲಿ ಹೆಚ್ಚು ಮಸುಕು, ಬೀಸಿನ ಕಮಾನಿನುದ್ದಕ್ಕೂ; ಕೈಗಳಲ್ಲಿ ಸ್ವಲ್ಪ; ಮುಖ, ಮುಂಗಾಲು ಸ್ಪಷ್ಟ’ ಎಂದು ಸೇರಿಸಿ. ಬರೀ ‘ಮಸುಕು’ ಎಂದರೆ ಮುಖವೂ ಕಲಸಿಹೋದೀತು.

ಚಿತ್ರ ಬಂದ ಮೇಲೆ ತಲೆಯಿಂದ ನೆಲಕ್ಕೊಂದು ತೂಗುಗುಂಡಿನ ದಾರ ಬಿಟ್ಟಂತೆ ನೋಡಿ. ಅದು ಮುಂಗಾಲಿನ ಹತ್ತಿರ ಬೀಳಬೇಕು. ಪಾದಗಳ ಹಿಂದೆ ಬಿದ್ದರೆ ಹುಡುಗ ಹಿಂದಕ್ಕೆ ಬೀಳುತ್ತಿದ್ದಾನೆಂದೇ ಲೆಕ್ಕ. ಆಗ ಪೂರ್ತಿ ಬರಹ ಬದಲಿಸಬೇಡಿ, ತಲೆಯ ವಾಕ್ಯವನ್ನಷ್ಟೇ ತಿದ್ದಿ. ಹಿಡಿಯ ಮೇಲಿನ ಬೆರಳುಗಳನ್ನೂ ಎಣಿಸಿಬಿಡಿ. ಆರನೆಯದು ಇಣುಕಿದರೂ ಇಣುಕೀತು!