ಕವಿತಾ ಒಬ್ಬಳೇ, ಕಾಗದದಲ್ಲಿ ಇಬ್ಬರು

ಹುಬ್ಬಳ್ಳಿಯ ಹೊರವಲಯದಲ್ಲೊಂದು ಎಂಜಿನಿಯರಿಂಗ್ ಕಾಲೇಜು. ಭಾನುವಾರ ಬೆಳಗಿನ ಏಳೂವರೆಗೇ ಅದರ ಗೇಟಿನ ಮುಂದೆ ಇನ್ನೂರು ಮುನ್ನೂರು ಜನ. ಧಾರವಾಡದ ಸಪ್ತಾಪುರದ ಕೋಚಿಂಗ್ ರೂಮುಗಳಿಂದ ಬಂದ ಹುಡುಗರು, ನರಗುಂದ, ಸವದತ್ತಿ, ಗದಗಿನಿಂದ ಮೊದಲ ಬಸ್ಸು ಹಿಡಿದವರು, ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ಅಪ್ಪಂದಿರು. ಐಬಿಪಿಎಸ್ ನಡೆಸುವ ಬ್ಯಾಂಕ್ ಕ್ಲರ್ಕ್ ಹುದ್ದೆಯ ಪ್ರಿಲಿಮ್ಸ್ ಇಂದು ಇಲ್ಲಿದೆ. ಒಂದು ತಾಸಿನ ಪರೀಕ್ಷೆ, ನೂರು ಪ್ರಶ್ನೆ. ಆದರೆ ಗೇಟಿನಲ್ಲಿ ನಿಂತವರು ಯಾರೂ ಗಣಿತದ ಮಾತಾಡುತ್ತಿಲ್ಲ. "ಝೆರಾಕ್ಸ್ ತಂದಿಯೇನ?" "ಫೋಟೊ ಹಚ್ಚೀಯೇನ?" ಇದೇ ಮಾತು.

ಗೇಟಿನ ಕಾವಲುಗಾರ ನೋಡುವುದು ಎರಡನ್ನೇ: ಹಾಲ್ ಟಿಕೆಟ್ ಮೇಲಿನ ಹಾಜರಾಗುವ ವೇಳೆ ಮತ್ತು ಕೇಂದ್ರದ ಹೆಸರು. ಊರಲ್ಲಿ ಇಂಥ ಕೇಂದ್ರಗಳು ಹಲವು ಇರುವುದರಿಂದ ತಪ್ಪು ಕಾಲೇಜಿಗೆ ಬಂದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಅವನಿಗೆ ಗುರುತಿನ ಚೀಟಿಯ ಗೊಡವೆ ಇಲ್ಲ. ಆದರೆ ಅವನು ಹೇಳುವ ಇನ್ನೊಂದು ಮಾತಿನಿಂದಲೇ ಮುಂದಿನ ಅರ್ಧ ಫಜೀತಿ ಹುಟ್ಟುತ್ತದೆ: "ಫೋನು, ಚೀಲ, ವಾಚು ಒಳಗ ಒಯ್ಯಂಗಿಲ್ಲ." ಮೊಬೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಆಧಾರ್, ಡಿಜಿಲಾಕರ್, ಅಂಕಪಟ್ಟಿಯ ಫೋಟೊ ಎಲ್ಲವೂ ಇಲ್ಲಿಗೆ ಮುಗಿಯಿತು. ಇನ್ನು ಕೈಯಲ್ಲಿರುವ ಕಾಗದ, ಕಾರ್ಡುಗಳಷ್ಟೇ ಮಾತಾಡಬೇಕು.

ಲೋಹಶೋಧಕ ಸವರಿದ ಮೇಲೆ ಉದ್ದನೆಯ ಪಡಸಾಲೆ, ಅದರ ತುದಿಯಲ್ಲಿ ಮೂರು ಮೇಜು. ನಾನು ನಿಂತದ್ದು ನಡುವಿನ ಮೇಜಿನ ಪಕ್ಕ. ಅಲ್ಲಿ ಕೂತಾಕೆ ಇದೇ ಊರಿನ ಕಾಲೇಜೊಂದರ ಉಪನ್ಯಾಸಕಿ, ಇಂಥ ಕೆಲಸ ಮಾಡಿ ರೂಢಿ ಇದ್ದವರು. ಅಭ್ಯರ್ಥಿ ಅವರ ಮುಂದೆ ಇಡಬೇಕಾದದ್ದು ಮೂರು: ಫೋಟೊ ಅಂಟಿಸಿದ ಹಾಲ್ ಟಿಕೆಟ್, ಮೂಲ ಗುರುತಿನ ಚೀಟಿ, ಅದರದೇ ಝೆರಾಕ್ಸ್ ಪ್ರತಿ. ಅವರ ಬಳಿ ಇರುವುದು ಹಾಜರಿ ಪಟ್ಟಿ. ಅವರ ಬೆರಳು ಮೊದಲು ಹೆಸರಿನ ಮೇಲೆ, ಆಮೇಲೆ ಫೋಟೊ ಮೇಲೆ, ಕೊನೆಗೆ ಎದುರಿನ ಮುಖದ ಕಡೆ. ಮುಖ ಕೊನೆಗೆ ಯಾಕೆ ಎಂದರೆ ನಕ್ಕರು. "ಮುಖದಾಗ ತಕರಾರು ಬರೂದು ಕಡಿಮಿರಿ. ಬರೂದೆಲ್ಲಾ ಹೆಸರಿನಾಗ."

ಯಾವ ಚೀಟಿ ನಡೆಯುತ್ತದೆ ಎಂಬುದರಲ್ಲಿ ಐಬಿಪಿಎಸ್ ಸಾಕಷ್ಟು ಉದಾರಿ. ಪ್ಯಾನ್, ಪಾಸ್‌ಪೋರ್ಟ್, ಕಾಯಂ ಚಾಲನಾ ಪರವಾನಗಿ, ಮತದಾರರ ಚೀಟಿ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಆಧಾರ್ ಅಥವಾ ಫೋಟೊ ಇರುವ ಇ-ಆಧಾರ್, ಮಾನ್ಯ ಕಾಲೇಜಿನ ಐಡಿ ಕಾರ್ಡ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಇವೇನೂ ಇಲ್ಲದಿದ್ದರೆ ಗೆಜೆಟೆಡ್ ಅಧಿಕಾರಿ ಅಥವಾ ಜನಪ್ರತಿನಿಧಿ ತಮ್ಮ ಲೆಟರ್‌ಹೆಡ್‌ನಲ್ಲಿ ಫೋಟೊ ಸಮೇತ ಕೊಟ್ಟ ಪತ್ರವೂ ಆಗುತ್ತದೆ. ರೇಷನ್ ಕಾರ್ಡು ಆಗುವುದಿಲ್ಲ, ಎಲ್‌ಎಲ್ ಆಗುವುದಿಲ್ಲ. ನಾನು ನೋಡುತ್ತಿದ್ದಾಗಲೇ ಒಬ್ಬ ಹುಡುಗ ಎಲ್‌ಎಲ್ ತಂದಿದ್ದ. ಅವನ ಪುಣ್ಯಕ್ಕೆ ಕಿಸೆಯಲ್ಲಿ ಮತದಾರರ ಚೀಟಿಯೂ ಇತ್ತು.

ಆದರೆ ಹೆಸರಿನ ವಿಷಯಕ್ಕೆ ಬಂದರೆ ಇದೇ ಸಂಸ್ಥೆ ಭಾರಿ ಬಿಗಿ. ಹಾಲ್ ಟಿಕೆಟ್‌ನ ಹೆಸರೂ ಗುರುತಿನ ಚೀಟಿಯ ಹೆಸರೂ ಪೂರ್ತಿ ಹೊಂದಬೇಕು, ಹೊಂದದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲ ಎಂದೇ ಬರೆದಿದೆ. ನಮ್ಮ ಕಡೆಯ ಹೆಸರುಗಳಿಗೆ ಈ ನಿಯಮ ಸಲೀಸಾಗಿ ಒಗ್ಗುವಂಥದ್ದಲ್ಲ. ಹಳೇ ಮೈಸೂರಿನ ಹುಡುಗನಿಗೆ ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್ ಇರುತ್ತವೆ. ಪ್ಯಾನ್ ಮಾಡಿಸುವಾಗ ಆ ಇನಿಷಿಯಲ್‌ಗಳು ಬಿಡಿಸಿಕೊಂಡು ಊರು ಮತ್ತು ಅಪ್ಪನ ಹೆಸರಾಗಿ ಮುಂದೆ ಬಂದು ಕೂರುತ್ತವೆ, ಆಧಾರಿನಲ್ಲಿ ಎರಡೂ ಮಾಯ. ಮಂಜುನಾಥ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಎ ಹಾಕಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿದವರು ಒಂದನೇ ತರಗತಿಯ ಮಾಸ್ತರರು, ಆಮೇಲೆ ಆಧಾರ್ ಕೇಂದ್ರದ ಆಪರೇಟರ್. ಇಬ್ಬರೂ ಒಬ್ಬರನ್ನೊಬ್ಬರು ಕೇಳಿದವರಲ್ಲ. ಇಂಥ ಒಂದಕ್ಷರದ ವ್ಯತ್ಯಾಸ ಬಂದಾಗ ಮೇಜಿನ ಉಪನ್ಯಾಸಕಿ ತಾವಾಗಿ ಹೂಂ ಎನ್ನುವುದೂ ಇಲ್ಲ, ಊಹೂಂ ಎನ್ನುವುದೂ ಇಲ್ಲ. ಅಂಥವರನ್ನು ಪಕ್ಕಕ್ಕೆ ಕೂರಿಸಿ ಕೇಂದ್ರದ ಮೇಲ್ವಿಚಾರಕರಿಗೆ ಹೇಳಿ ಕಳಿಸುತ್ತಾರೆ. ಅಪ್ಪನ ಹೆಸರು, ಹುಟ್ಟಿದ ತಾರೀಖು, ಫೋಟೊ ಎಲ್ಲ ಕೂಡಿಬಂದರೆ ಅವರು ಬಿಡಬಹುದು. ಆದರೆ ಅದು ಅವರ ಕೃಪೆ, ಅಭ್ಯರ್ಥಿಯ ಹಕ್ಕಲ್ಲ.

ಎಂಟು ಗಂಟೆಯ ಸುಮಾರಿಗೆ ಬಂದ ತಕರಾರು ಒಂದಕ್ಷರದ್ದಾಗಿರಲಿಲ್ಲ. ಆಕೆಯನ್ನು ಕವಿತಾ ಎನ್ನೋಣ, ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಹಾಲ್ ಟಿಕೆಟ್‌ನಲ್ಲಿ ಕವಿತಾ ಬಸಪ್ಪ ಮುಗಳಿ. ಆಧಾರಿನಲ್ಲಿ ಕವಿತಾ ಮಂಜುನಾಥ ಅಂಗಡಿ. ಈ ಭಾಗದಲ್ಲಿ ಮದುವೆಯಾದರೆ ಮನೆತನದ ಹೆಸರೊಂದೇ ಅಲ್ಲ, ನಡುವಿನ ಅಪ್ಪನ ಹೆಸರೂ ಹೋಗಿ ಗಂಡನ ಹೆಸರು ಬರುತ್ತದೆ. ಹೀಗಾಗಿ ಮೂರು ಹೆಸರಿನಲ್ಲಿ ಉಳಿಯುವುದು ಒಂದೇ.

"ಹೆಸರು ಹೊಂದೂದಿಲ್ಲಲ್ರೀ ಇದು."

"ಲಗ್ನ ಆದಮ್ಯಾಲ ಬದಲಿ ಮಾಡಿಸೇವ್ರಿ ಮೇಡಂ. ರೇಷನ್ ಕಾರ್ಡಿಗೆ ಬೇಕಂದಿದ್ರು."

"ಲಗ್ನದ ಸರ್ಟಿಫಿಕೇಟ್ ಐತೇನು?"

"ಫೋನಿನ್ಯಾಗ ಐತ್ರಿ."

ಫೋನು ಗೇಟಿನ ಹೊರಗೆ, ಗಂಡನ ಕೈಯಲ್ಲಿ. ಇದ್ದರೂ ಉಪಯೋಗವಿಲ್ಲ. ಹೆಸರು ಬದಲಾದವರು ಗೆಜೆಟ್ ಪ್ರಕಟಣೆಯನ್ನೋ ಮದುವೆಯ ಪ್ರಮಾಣಪತ್ರವನ್ನೋ ಅಫಿಡವಿಟ್ಟನ್ನೋ ಮೂಲ ಪ್ರತಿಯಲ್ಲೇ ತರಬೇಕೆಂದು ಸೂಚನೆಯಲ್ಲಿದೆ. ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕೆಂಬ ಸಾಲೂ ಹಾಲ್ ಟಿಕೆಟ್ ಜೊತೆಗಿನ ಸೂಚನೆಗಳಲ್ಲೇ ಇದೆ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಕವಿತಾ ಅದನ್ನು ಓದಿರಲಿಲ್ಲ, ಓದುವವರು ಎಷ್ಟು ಜನ?

ಮೇಲ್ವಿಚಾರಕರು ಬಂದರು. ಹಾಲ್ ಟಿಕೆಟ್‌ನ ಫೋಟೊ ಮತ್ತು ಆಕೆಯ ಮುಖ ಒಂದೇ ಎಂದು ಅವರಿಗೂ ಕಾಣುತ್ತಿತ್ತು. "ನೀವು ಕವಿತಾ ಅಲ್ಲ ಅಂತ ನಾ ಅನ್ನೂದಿಲ್ರಿ. ಇವೆರಡೂ ಕಾಗದ ಒಬ್ಬರವ ಅಂತ ಹೇಳೂ ಮೂರನೇ ಕಾಗದ ಬೇಕು." ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕೇಂದ್ರದವರಿಗೆ ಹಾಲ್ ಟಿಕೆಟ್‌ನ ಹೆಸರು ತಿದ್ದುವ ಅಧಿಕಾರವಿಲ್ಲ. ಹಾಜರಿ ಪಟ್ಟಿಯಲ್ಲಿ ಅಂಗಡಿ ಎಂದು ಬರೆದುಕೊಂಡು ಒಳಗೆ ಬಿಟ್ಟರೆ ಮುಂದೆ ಅಂಕಪಟ್ಟಿ ಪರಿಶೀಲನೆಯಲ್ಲಿ ಆಕೆಯೇ ಸಿಕ್ಕಿಬೀಳುತ್ತಾಳೆ. ಮುಗಳಿ ಎಂಬ ಹೆಸರಿನಲ್ಲಿ ಅರ್ಜಿ ಹಾಕಿದ್ದು ತಪ್ಪೇನಲ್ಲ, ಎಸೆಸೆಲ್ಸಿಯಿಂದ ಪದವಿಯವರೆಗೆ ಎಲ್ಲ ಅಂಕಪಟ್ಟಿಗಳೂ ಆ ಹೆಸರಿನಲ್ಲೇ ಇವೆ. ಯಡವಟ್ಟಾದದ್ದು ಅರ್ಜಿಯ ಹೆಸರಿಗೆ ಹೊಂದದ ಚೀಟಿಯನ್ನು ಆರಿಸಿ ತಂದದ್ದರಿಂದ.

ಹಾಗಾಗಿಯೇ ಉಪನ್ಯಾಸಕಿ ಕೇಳಿದ ಮುಂದಿನ ಪ್ರಶ್ನೆ ಕೆಲಸ ಮಾಡಿತು. "ಲಗ್ನಕ್ಕಿಂತ ಮೊದಲಿನ ಕಾರ್ಡ್ ಯಾವುದರ ಐತೇನು? ಪ್ಯಾನ್?" ಇತ್ತು. ಪದವಿ ಮುಗಿದ ವರ್ಷ ಮಾಡಿಸಿದ್ದ ಪ್ಯಾನ್, ಗಂಡನ ಕೈಯಲ್ಲಿದ್ದ ಪರ್ಸಿನೊಳಗೆ. ಪ್ಯಾನಿನ ಇನ್ನೊಂದು ಅನುಕೂಲವೆಂದರೆ ಅದರ ಮೇಲೆ ಅಪ್ಪನ ಹೆಸರು ಪ್ರತ್ಯೇಕವಾಗಿ ಅಚ್ಚಾಗಿರುತ್ತದೆ, ಮದುವೆಯಾದವರಿಗೂ ಅಲ್ಲಿ ಗಂಡನ ಹೆಸರು ಬರುವುದಿಲ್ಲ. ಕಾವಲುಗಾರನ ಮೂಲಕ ಕಾರ್ಡು ಒಳಗೆ ಬಂತು. ಕವಿತಾ ಬಸಪ್ಪ ಮುಗಳಿ, ತಂದೆ ಬಸಪ್ಪ. ಮೇಜಿನ ಸುತ್ತ ಇದ್ದವರೆಲ್ಲ ಉಸಿರುಬಿಟ್ಟರು, ಆದರೆ ಝೆರಾಕ್ಸ್ ಆಧಾರಿನದ್ದು! ಚೀಟಿ ಬದಲಾದರೆ ಪ್ರತಿಯೂ ಬದಲಾಗಬೇಕು. ಗಂಡ ಬೈಕ್ ಹತ್ತಿ ಬೈಪಾಸ್ ಕಡೆಗೆ ಓಡಿದರು. ಭಾನುವಾರ ಬೆಳಿಗ್ಗೆ ತೆರೆದಿದ್ದ ಒಂದೇ ಅಂಗಡಿಯವನು ಒಂದು ಪ್ರತಿಗೆ ಹತ್ತು ರೂಪಾಯಿ ತಗೊಂಡನಂತೆ. ಪರೀಕ್ಷೆಯ ದಿನ ಅವನದೂ ಸುಗ್ಗಿಯೇ. ಗೇಟು ಮುಚ್ಚಲು ಏಳೆಂಟು ನಿಮಿಷ ಇರುವಾಗ ಪ್ರತಿ ಬಂತು.

ಮೂರನೇ ಮೇಜು ಯಂತ್ರದ್ದು. ಫೋಟೊ ತೆಗೆದು, ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಗುರುತು ದಾಖಲಿಸುತ್ತಾರೆ. ಮುಂದಿನ ಹಂತಗಳಲ್ಲಿ ಬರುವವರು ಇವರೇ ಎಂದು ತಾಳೆ ನೋಡುವುದು ಇದರಿಂದಲೇ, ತಾಳೆಯಾಯಿತೋ ಇಲ್ಲವೋ ಎಂಬ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಬೆರಳಿಗೆ ಮದರಂಗಿ, ಮಸಿ ಇದ್ದರೆ ಚೆನ್ನಾಗಿ ತೊಳೆದು ಬರಬೇಕೆಂಬ ನಿಯಮವೇ ಇದೆ. ಹೆಬ್ಬೆರಳಿಗೆ ಗಾಯವಾಗಿದ್ದರೆ ಮೊದಲೇ ಹೇಳಬೇಕು, ಬೇರೆ ಬೆರಳಿನ ಗುರುತು ತಗೊಳ್ಳಬಹುದು. ಶ್ರಾವಣ ಮಾಸದಲ್ಲಿ ಅಣ್ಣನ ಮದುವೆ ಮುಗಿಸಿ ಬಂದಿದ್ದ ಒಬ್ಬಾಕೆ ನಲ್ಲಿಯ ಕೆಳಗೆ ಕೈ ತಿಕ್ಕುತ್ತ ನಿಂತಿದ್ದಳು.

ಮುಂದಿನ ವಾರ ಇದೇ ಲ್ಯಾಬಿನಲ್ಲಿ ಎಸ್‌ಎಸ್‌ಸಿ ಪರೀಕ್ಷೆ ಇದೆ, ಅಂದು ಮೇಜಿನ ಲೆಕ್ಕಾಚಾರವೇ ಬೇರೆ ಎಂದರು ಉಪನ್ಯಾಸಕಿ. ಅಲ್ಲಿ ಕಣ್ಣು ಹುಟ್ಟಿದ ತಾರೀಖಿನ ಮೇಲೆ. ಚೀಟಿಯಲ್ಲಿ ದಿನ, ತಿಂಗಳು, ವರ್ಷ ಮೂರೂ ಇರಬೇಕು, ಹಾಲ್ ಟಿಕೆಟ್‌ನ ತಾರೀಖಿಗೆ ಹೊಂದಬೇಕು. ಹಳೆಯ ಆಧಾರ್ ಕಾರ್ಡುಗಳಲ್ಲಿ ಎಷ್ಟೋ ಜನಕ್ಕೆ ಬರೀ ಹುಟ್ಟಿದ ವರ್ಷ ಅಚ್ಚಾಗಿದೆ. ಅಂಥವರು ತಾರೀಖು ತೋರಿಸುವ ಇನ್ನೊಂದು ಮೂಲ ದಾಖಲೆ, ಅಂದರೆ ಜನನ ಪ್ರಮಾಣಪತ್ರದಂಥದ್ದು, ಒಯ್ಯಬೇಕು. ಬರೀ ವರ್ಷವಿದ್ದರೆ ಹೀಗೆ ದಾರಿಯುಂಟು. ತಾರೀಖೇ ಬೇರೆಯಾಗಿದ್ದರೆ, ಆಧಾರಿನಲ್ಲಿ ಜನವರಿ 1, ಶಾಲೆಯಲ್ಲಿ ಜೂನ್ 1 ಎಂದಿದ್ದರೆ, ಒಳಗೆ ಬಿಡುವುದಿಲ್ಲ. ಹಳ್ಳಿಯಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಬರೆದುಕೊಂಡ ತಲೆಮಾರಿಗೆ ಇದು ಸಣ್ಣ ಮಾತಲ್ಲ. ಅಲ್ಲಿ ಹೆಸರಿಗೆ ಸಿಗುವಂತೆ ಮದುವೆಯ ಪ್ರಮಾಣಪತ್ರದ ಆಸರೆಯೂ ಇಲ್ಲ.

ಪರೀಕ್ಷೆ ಮುಗಿಸಿ ಹೊರಬಂದ ಕವಿತಾಳ ಕೈಯಲ್ಲಿ ಎರಡು ಹಾಳೆ ಇದ್ದವು. ಹಾಲ್ ಟಿಕೆಟ್ ಮೇಲೆ ಮುದ್ರೆ, ಪ್ಯಾನ್ ಝೆರಾಕ್ಸ್ ಮೇಲೂ ಮುದ್ರೆ. ಪ್ರಿಲಿಮ್ಸ್‌ನಲ್ಲಿ ಇವನ್ನು ಕೇಂದ್ರದವರು ಇಟ್ಟುಕೊಳ್ಳುವುದಿಲ್ಲ, ಅಭ್ಯರ್ಥಿಗೇ ವಾಪಸು ಕೊಡುತ್ತಾರೆ. ಮೇನ್ಸ್‌ಗೆ ಆಯ್ಕೆಯಾದರೆ ಆ ದಿನ ಮುದ್ರೆ ಬಿದ್ದ ಇವೇ ಹಾಳೆಗಳನ್ನು ತರಬೇಕು. ಕಳೆದುಕೊಂಡವರು ಅಲ್ಲಿ ಮತ್ತೆ ಇದೇ ಮೇಜಿನ ಮುಂದೆ ನಿಲ್ಲುತ್ತಾರೆ.

ಗಂಡ ಅಷ್ಟರಲ್ಲಿ ಒಂದು ಉಪಾಯ ಹುಡುಕಿಟ್ಟಿದ್ದರು. "ಆಧಾರ್ ವಾಪಸ್ ಮುಗಳಿ ಅಂತ ಮಾಡಿಸಿಬಿಡೂದು, ಮುಗೀತಲ್ಲ." ಮೇಲ್ವಿಚಾರಕರು ಬೇಡವೆಂದರು. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಕವಿತಾ ಆಗಲೇ ಒಂದನ್ನು ಬಳಸಿದ್ದಾಳೆ. ನಾಳೆ ನೌಕರಿ ಸಿಕ್ಕು ಬ್ಯಾಂಕಿನ ದಾಖಲೆಯಲ್ಲಿ ಅಂಗಡಿ ಎಂದು ಬೇಕಾದರೆ ಆಗ ದಾರಿ ಮುಚ್ಚಿರುತ್ತದೆ. ಮದುವೆ ನೋಂದಣಿಯ ಮೂಲ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಿದರು. ಸವದತ್ತಿಯಲ್ಲಿ, ಮಾವನ ಟ್ರಂಕಿನಲ್ಲಿ. ಅದನ್ನು ತಂದು ಅಂಕಪಟ್ಟಿಗಳ ಫೈಲಿನಲ್ಲೇ ಇಡಿ, ಪ್ಯಾನಿನ ಹೆಸರನ್ನು ಮಾತ್ರ ಕೆಲಸ ಸಿಗುವ ತನಕ ಮುಟ್ಟಬೇಡಿ ಎಂದು ಹೇಳಿ ಅವರು ಎರಡನೇ ಪಾಳಿಯವರ ಕಡೆ ನಡೆದರು. ಆ ಸಾಲಿನ ಮೊದಲನೆಯವನ ಕೈಯಲ್ಲಿ ಲ್ಯಾಮಿನೇಷನ್ ಮಾಡಿಸಿದ ರೇಷನ್ ಕಾರ್ಡಿತ್ತು.