ಮೊದಲ ಭೇಟಿಯ ಮರುದಿನದ ಸಂದೇಶ

ಮೊದಲ ಡೇಟ್ ಮುಗಿಸಿ ಇಬ್ಬರೂ ಮನೆ ಸೇರುವ ಹೊತ್ತಿಗೆ ಸಾಮಾನ್ಯವಾಗಿ ಒಂದು ಸಂದೇಶ ಹೋಗಿರುತ್ತದೆ: "ಮನೆ ತಲುಪಿದ್ರಾ?" ನಮ್ಮಲ್ಲಿ ನೆಂಟರನ್ನು ಬಸ್ ಹತ್ತಿಸಿದವರೂ ಇದನ್ನೇ ಕೇಳುತ್ತಾರೆ. ಅದು ಕಾಳಜಿಯ ಮಾತು, ಅದಕ್ಕೆ ಬರುವ "ಹ್ಞೂಂ, ಈಗ ಬಂದೆ" ಎಂಬ ಉತ್ತರವೂ ಸೌಜನ್ಯದ್ದೇ. ಇದರಿಂದ ಆಚೆಯವರಿಗೆ ಮತ್ತೆ ಸಿಗುವ ಮನಸ್ಸಿದೆಯೇ ಇಲ್ಲವೇ ಎಂಬುದು ತಿಳಿಯುವುದಿಲ್ಲ. ಅದನ್ನು ಹೇಳಬೇಕಾದದ್ದು ಎರಡನೆಯ ಸಂದೇಶ. ಹೆಚ್ಚಿನವರು ಎಡವುವುದು ಅಲ್ಲಿಯೇ.

ಎಷ್ಟು ಹೊತ್ತಿಗೆ ಕಳಿಸಬೇಕು ಎಂಬುದು ಮೊದಲ ಗೊಂದಲ. ಮೂರು ದಿನ ಕಾಯಬೇಕು ಎಂಬ ಒಂದು ನಿಯಮ ಬಹಳ ಜನರ ತಲೆಯಲ್ಲಿ ಕೂತಿದೆ. 1996ರ ಅಮೆರಿಕನ್ ಸಿನಿಮಾ 'ಸ್ವಿಂಗರ್ಸ್'ನಲ್ಲಿ ಇಂಥ ಲೆಕ್ಕಾಚಾರದ ದೃಶ್ಯವೇ ಇದೆ. ಅದು ಮನೆಯ ಫೋನಿಗೆ ಕರೆ ಮಾಡಬೇಕಾಗಿದ್ದ ಕಾಲ. ಫೋನ್ ಸದಾ ಕೈಯಲ್ಲೇ ಇರುವ ಈ ದಿನಗಳಲ್ಲಿ ಮೂರು ದಿನ ಸುಮ್ಮನಿದ್ದರೆ ಎದುರಿನವರು ಅದನ್ನು ಗಾಂಭೀರ್ಯ ಎಂದು ತಿಳಿಯುವುದಿಲ್ಲ, ಆಸಕ್ತಿಯಿಲ್ಲ ಎಂದು ತಿಳಿಯುತ್ತಾರೆ. ಭೇಟಿಯ ನೆನಪು ಇನ್ನೂ ಹಸಿಯಾಗಿರುವಾಗ, ಅಂದರೆ ಮರುದಿನ ಸಂಜೆಯೊಳಗೆ, ಬರೆದರೆ ಸರಿ.

ಹಿಂಜರಿಕೆಗೆ ಇನ್ನೊಂದು ಕಾರಣವಿದೆ. ಎದುರಿನವರಿಗೆ ತಾನು ಅಷ್ಟೇನೂ ಹಿಡಿಸಿರಲಿಕ್ಕಿಲ್ಲ ಎಂದು ಜನ ಊಹಿಸಿಕೊಳ್ಳುತ್ತಾರೆ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಸಂಶೋಧನೆ ಇದನ್ನೇ ಪರೀಕ್ಷಿಸಿತು. ಅಪರಿಚಿತರು ಪರಸ್ಪರ ಮಾತಾಡಿದ ಮೇಲೆ, ತಾವು ಎದುರಿನವರಿಗೆ ಎಷ್ಟು ಇಷ್ಟವಾದೆವು ಎಂದು ಅಂದಾಜು ಮಾಡಿದರು. ಆ ಅಂದಾಜು ನಿಜಕ್ಕಿಂತ ಕಡಿಮೆಯಿತ್ತು. ಹೀಗೆ ಇಬ್ಬರಿಗೂ ಇಷ್ಟವಾಗಿದ್ದು, ಇಬ್ಬರೂ ಅಳುಕಿನಿಂದ ಸುಮ್ಮನಾಗಿ, ಮಾತು ಅಲ್ಲಿಗೇ ನಿಲ್ಲುವ ಸಾಧ್ಯತೆ ಇದ್ದೇ ಇದೆ.

ಒಂದು ಉದಾಹರಣೆ ನೋಡಬಹುದು. ಆ್ಯಪ್‌ನಲ್ಲಿ ಪರಿಚಯವಾದ ಇಬ್ಬರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ಶನಿವಾರ ಸಂಜೆ ಭೇಟಿಯಾದರು ಎಂದಿಟ್ಟುಕೊಳ್ಳೋಣ. ಕಾಫಿ ಕುಡಿದು, ಸಂಪಿಗೆ ರಸ್ತೆಯಲ್ಲಿ ಅಡ್ಡಾಡುತ್ತ ಮಾತಾಡಿದರು. ಅಜ್ಜಿ ಹಲಸಿನ ಹಪ್ಪಳ ಒಣಗಲು ಹಾಕಿ ತನ್ನನ್ನು ಕಾಗೆ ಕಾಯಲು ಕೂರಿಸುತ್ತಿದ್ದುದನ್ನೂ, ತಾನೇ ಅರ್ಧ ಹಪ್ಪಳ ಹಸಿಯಾಗಿ ತಿಂದು ಕಾಗೆಯ ಮೇಲೆ ಹಾಕುತ್ತಿದ್ದುದನ್ನೂ ಅವಳು ಹೇಳಿದಳು. ಭಾನುವಾರ ಅವನು ಮೊದಲು ಬರೆದದ್ದು: "ಹಾಯ್, ನಿನ್ನೆ ತುಂಬಾ ಚೆನ್ನಾಗಿತ್ತು. ಮತ್ತೆ ಯಾವಾಗಲಾದ್ರೂ ಸಿಗೋಣ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾರಿಗೆ ಬೇಕಾದರೂ ಕಳಿಸಬಹುದು. 'ಯಾವಾಗಲಾದ್ರೂ' ಎಂಬುದಕ್ಕೆ ಅವಳು "ಖಂಡಿತ" ಎಂದರೂ ಏನೂ ಇತ್ಯರ್ಥವಾಗುವುದಿಲ್ಲ.

ಅದನ್ನು ಅಳಿಸಿ ಅವನು ಹೀಗೆ ಬರೆದ: "ನಿನ್ನೆ ನಿಮ್ಮ ಜೊತೆ ಮಾತಾಡಿ ಖುಷಿಯಾಯ್ತು. ಹಪ್ಪಳದ ಕಾವಲು ಬೆಳಿಗ್ಗೆ ನೆನಪಾಗಿ ಮತ್ತೆ ನಗು ಬಂತು. ನನಗೆ ಇನ್ನೊಮ್ಮೆ ಸಿಗೋ ಆಸೆ ಇದೆ. ಮುಂದಿನ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕೋಣ್ವಾ? ಬೇಡ ಅನ್ನಿಸಿದ್ರೂ ಹೇಳಿ, ಅರ್ಥ ಮಾಡ್ಕೋತೀನಿ."

ಹಪ್ಪಳದ ಮಾತು, ಅವನು ನಿಜವಾಗಿ ಕಿವಿಗೊಟ್ಟು ಕೇಳಿದ್ದನೆಂಬುದಕ್ಕೆ ಸಾಕ್ಷಿ. ಹೊಗಳಿಕೆ ಆ ಕೆಲಸ ಮಾಡಲಾರದು. ಆಸೆಯನ್ನು ಅವನು ತನ್ನದೆಂದೇ ಹೇಳಿದ್ದಾನೆ, ಅವಳ ತಲೆಯ ಮೇಲೆ ಹೊರಿಸಿಲ್ಲ. ದಿನವೂ ಜಾಗವೂ ಗೊತ್ತಿರುವುದರಿಂದ ಅವಳು ಹೌದೆನ್ನಬಹುದು, ಬೇಡವೆನ್ನಬಹುದು, "ಭಾನುವಾರ ಆಗಲ್ಲ, ಶನಿವಾರ ಆಗುತ್ತಾ" ಎಂದೂ ಕೇಳಬಹುದು. ಕೊನೆಯ ವಾಕ್ಯ ಬಹಳ ಮುಖ್ಯ. ಎಷ್ಟೋ ಜನ ಉತ್ತರಿಸದೆ ಉಳಿಯುವುದು ಒರಟುತನದಿಂದಲ್ಲ, ಬೇಡ ಎಂದು ಹೇಳುವ ಸಂಕೋಚದಿಂದ. ಆ ಬಾಗಿಲನ್ನು ಮೊದಲೇ ತೆರೆದಿಟ್ಟರೆ ಅವರಿಗೆ ಹಗುರ. ಅಲ್ಲಿ 'ಬೇಜಾರಿಲ್ಲ' ಎಂದು ಬರೆಯದಿರುವುದೂ ಸರಿಯೇ. ಬೇಜಾರಂತೂ ಆಗುತ್ತದೆ, ಅದನ್ನು ಇಲ್ಲವೆನ್ನುವುದೇಕೆ? 'ನೀವು' ಎಂಬುದನ್ನು ಅವನು ಉಳಿಸಿಕೊಂಡಿದ್ದಾನೆ. ಭೇಟಿಯಲ್ಲೇ ಇಬ್ಬರೂ 'ನೀನು'ಗೆ ಇಳಿದಿದ್ದರೆ ಸರಿ, ಒಬ್ಬರೇ ಸಂದೇಶದಲ್ಲಿ ಇಳಿಸಿದರೆ ಅದು ಸಲಿಗೆಯನ್ನು ಎಳೆದು ತಂದಂತೆ ಕೇಳುತ್ತದೆ.

ಉತ್ತರ ಬರಲಿಲ್ಲ ಎಂದಾದರೆ? ಒಂದೆರಡು ದಿನದ ತಡವನ್ನು ಮೌನವೆಂದು ಕರೆಯಬೇಕಿಲ್ಲ. ಈ ಹೊತ್ತಿನಲ್ಲಿ ಜನ ವಾಟ್ಸ್‌ಆ್ಯಪ್‌ನ ಗೆರೆಗಳನ್ನು ಜಾತಕದಂತೆ ಓದತೊಡಗುತ್ತಾರೆ. ಒಂದು ಬೂದು ಟಿಕ್ ಅಂದರೆ ಸಂದೇಶ ಹೊರಟಿದೆ, ಎರಡು ಬೂದು ಅಂದರೆ ಅವರ ಫೋನಿಗೆ ತಲುಪಿದೆ. ಓದಿದ್ದಾರೆ ಎಂದು ಹೇಳುವ ನೀಲಿ ಟಿಕ್ ಬಂದದ್ದು 2014ರ ಕೊನೆಯಲ್ಲಿ. ಆದರೆ ನೀಲಿ ಬಾರದಂತೆ ಸೆಟ್ಟಿಂಗ್ ಬದಲಿಸಿಟ್ಟವರು ಬಹಳ ಮಂದಿ, ಸಂದೇಶ ತೆರೆಯದೆ ನೋಟಿಫಿಕೇಶನ್‌ನಲ್ಲೇ ಓದಿಬಿಡುವವರೂ ಇದ್ದಾರೆ. ಹಲವು ದಿನ ಒಂದೇ ಟಿಕ್ ಉಳಿದು, ಪ್ರೊಫೈಲ್ ಚಿತ್ರವೂ ಕಾಣದಾದರೆ ಬ್ಲಾಕ್ ಆಗಿರಬಹುದು. ಫೋನ್ ಕೆಟ್ಟಿರಲೂಬಹುದು. ಬ್ಲಾಕ್ ಮಾಡಿದವರ ರಕ್ಷಣೆಗಾಗಿಯೇ ವಾಟ್ಸ್‌ಆ್ಯಪ್ ಇದನ್ನು ಖಚಿತವಾಗಿ ತಿಳಿಸುವುದಿಲ್ಲ. ಬೇರೆ ನಂಬರಿನಿಂದ ಪರೀಕ್ಷಿಸಿ ನೋಡುವುದು ಸಲ್ಲದು.

ಇನ್ನೊಂದು ಸಂದೇಶಕ್ಕೆ ಅವಕಾಶವಿದೆ. ಅದನ್ನು ನಾಲ್ಕೈದು ದಿನ ಬಿಟ್ಟು ಕಳಿಸಬಹುದು. ನಮ್ಮ ಉದಾಹರಣೆಯಲ್ಲಿ ಅದಕ್ಕೆ ಸಹಜವಾದ ನೆಪವೂ ಇದೆ, ಭಾನುವಾರ ಹತ್ತಿರ ಬರುತ್ತಿದೆ. ಶುಕ್ರವಾರ ಅವನು ಬರೆದ: "ಉತ್ತರ ಬರದಿದ್ದರಿಂದ ಭಾನುವಾರ ಬೇರೆ ಕೆಲಸ ಇಟ್ಕೊಳ್ತಿದ್ದೀನಿ. ಮುಂದೆ ಸಿಗಬೇಕು ಅನ್ನಿಸಿದ್ರೆ ಒಂದು ಮಾತು ಹೇಳಿ, ಖುಷಿಯಾಗುತ್ತೆ." ಬರೀ ಪ್ರಶ್ನಾರ್ಥಕ ಚಿಹ್ನೆ, "ನೋಡಿಯೂ ಉತ್ತರ ಕೊಡ್ತಿಲ್ಲ", "ನಾನೇನು ತಪ್ಪು ಮಾಡಿದೆ" ಇವೆಲ್ಲ ಅವಳನ್ನು ಕಟಕಟೆಯಲ್ಲಿ ನಿಲ್ಲಿಸುತ್ತವೆ. ಈ ಸಂದೇಶ ಅವಳನ್ನೂ ಬಿಡುಗಡೆ ಮಾಡುತ್ತದೆ, ಕಾಯುವ ಕೆಲಸದಿಂದ ಅವನನ್ನೂ.

ಮೂರನೆಯದು ಬೇಡ. ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕಿ ಬರೆಯುವುದು, ಗೆಳತಿಯ ಮೂಲಕ ಕೇಳಿಸುವುದು, ಆಫೀಸಿನ ಬಳಿ ಆಕಸ್ಮಿಕವೆಂಬಂತೆ ಎದುರಾಗುವುದು ಪ್ರೀತಿಯ ಛಲವಲ್ಲ, ಅವಳಿಗೆ ಅದು ಭಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ, ಆಸಕ್ತಿಯಿಲ್ಲವೆಂದು ಹೆಣ್ಣೊಬ್ಬಳು ಸ್ಪಷ್ಟವಾಗಿ ಸೂಚಿಸಿದ ಮೇಲೂ ಗಂಡಸು ಸಲಿಗೆ ಬೆಳೆಸಲು ಪದೇ ಪದೇ ಸಂಪರ್ಕಿಸುವುದು ಅಪರಾಧ. ಮೊದಲ ಬಾರಿಗೇ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಎರಡು ಸಭ್ಯ ಸಂದೇಶಗಳು ಇದರಡಿ ಬರುವುದಿಲ್ಲ. ಆದರೆ ಬೇಡವೆಂದ ಮೇಲೂ ಬರೆಯುತ್ತಲೇ ಇರುವವನು ಆ ದಾರಿಯಲ್ಲೇ ಇದ್ದಾನೆ.

ಒಂದೇ ಸಂಜೆಯ ಪರಿಚಯದ ಮೌನ ಇಷ್ಟೇಕೆ ಚುಚ್ಚುತ್ತದೆ ಎಂಬ ಪ್ರಶ್ನೆಗೂ ಸಂಶೋಧಕರಲ್ಲಿ ಒಂದು ಉತ್ತರವಿದೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು 2000ದಲ್ಲಿ ಕಂಪ್ಯೂಟರ್ ಮೇಲೆ ಎಸೆದು ಹಿಡಿಯುವ ಆಟವೊಂದನ್ನು ಬಳಸಿ ಪ್ರಯೋಗ ನಡೆಸಿದರು. ಮುಖವನ್ನೂ ಕಾಣದ ಇಬ್ಬರು ತಮ್ಮ ಕಡೆ ಎಸೆಯದಿದ್ದಾಗ, ಅಷ್ಟು ಅಲ್ಪ ವಿಷಯಕ್ಕೂ ಆಟಗಾರರ ಮನಸ್ಸು ಕುಗ್ಗಿತು. ಹಾಗಾಗಿ ನೋವಾಯಿತೆಂಬುದು ತನ್ನಲ್ಲಿ ಕೊರತೆಯಿದೆ ಎಂಬುದಕ್ಕೆ ಪುರಾವೆಯಲ್ಲ. ಮೌನಕ್ಕೆ ಕಾರಣ ಹಳೆಯ ಸಂಬಂಧವೋ, ಮನೆಯ ಒತ್ತಡವೋ, ಸುಮ್ಮನೆ ಮನಸ್ಸಾಗದ್ದೋ ಇರಬಹುದು. ಕಾರಣ ಸಿಗದಿದ್ದರೂ ಉತ್ತರ ಸಿಕ್ಕಿದೆ ಎಂದೇ ತಿಳಿಯಬೇಕು. ಆ ಚಾಟನ್ನು ಆರ್ಕೈವ್‌ಗೆ ಸರಿಸಿದರೆ ದಿನಕ್ಕೆ ಇಪ್ಪತ್ತು ಬಾರಿ ಅದು ಕಣ್ಣಿಗೆ ಬೀಳುವುದು ತಪ್ಪುತ್ತದೆ.

ಕೆಲವೊಮ್ಮೆ ವಾರಗಳ ಮೇಲೆ ಉತ್ತರ ಬರುತ್ತದೆ. "ಸಾರಿ, ಬ್ಯುಸಿ ಇದ್ದೆ" ಎಂದಷ್ಟೇ ಇದ್ದರೆ ಚುಟುಕಾಗಿ ಉತ್ತರಿಸಿ, ಮುಂದಿನ ಹೆಜ್ಜೆಯನ್ನು ಅವರಿಗೇ ಬಿಡಬೇಕು. ಜೊತೆಗೆ ದಿನವನ್ನೂ ಸೂಚಿಸಿದ್ದರೆ ಮನಸ್ಸಿದ್ದವರು ಹೋಗಬಹುದು. ನಮ್ಮ ಉದಾಹರಣೆಯಲ್ಲಿ ಹತ್ತನೆಯ ದಿನ ಅವಳು ಬರೆದಳು: "ತಡವಾಗಿದ್ದಕ್ಕೆ ಕ್ಷಮಿಸಿ. ಆ ಸಂಜೆ ಚೆನ್ನಾಗಿತ್ತು, ಆದ್ರೆ ಇದನ್ನ ಮುಂದುವರಿಸೋ ಮನಸ್ಸು ನನಗಿಲ್ಲ. ಹೇಗೆ ಹೇಳೋದು ಗೊತ್ತಾಗ್ಲಿಲ್ಲ." ಅವನು ಏಕೆ ಎಂದು ಕೇಳಲಿಲ್ಲ. "ಹೇಳಿದ್ದಕ್ಕೆ ಥ್ಯಾಂಕ್ಸ್. ನಿಮಗೆ ಒಳ್ಳೇದಾಗಲಿ" ಎಂದು ಬರೆದು ಮುಗಿಸಿದ.