ಕತ್ತರಿಸಿದ ಅಂಚು ಎಲ್ಲಿ ಹೋಗುತ್ತದೆ?

ಮದುವೆಯ ಗುಂಪು ಫೋಟೋ ಒಂದಿದೆ ಎನ್ನಿ. ಅಳತೆ 4000×3000 ಪಿಕ್ಸೆಲ್. ಅಜ್ಜಿಯ ಮುಖ ಸಾಕೆಂದು ಅದನ್ನು 1500×2000ಕ್ಕೆ ಕ್ರಾಪ್ ಮಾಡಿದಿರಿ. 1.2 ಕೋಟಿ ಪಿಕ್ಸೆಲ್‌ಗಳಲ್ಲಿ ಕಣ್ಣಿಗೆ ಕಾಣುವುದು ಈಗ 30 ಲಕ್ಷ ಮಾತ್ರ. ಆರು ತಿಂಗಳು ಕಳೆದ ಮೇಲೆ, ಅಂಚಿನಲ್ಲಿ ನಿಂತಿದ್ದ ಸೋದರಮಾವನ ಚಿತ್ರ ಬೇಕೆನಿಸಿದರೆ ಸಿಗುತ್ತದೆಯೇ? ಅದು ನಿಮ್ಮ ಆ್ಯಪ್ ಫೋಟೋವನ್ನು ಹೇಗೆ ಉಳಿಸಿತು ಎಂಬುದರ ಮೇಲೆ ನಿಂತಿದೆ.

ಐಫೋನಿನ ಫೋಟೋಸ್ ಆ್ಯಪ್ ಮೂಲ ಚಿತ್ರವನ್ನು ಮುಟ್ಟುವುದೇ ಇಲ್ಲ. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಎಂಬುದನ್ನು ಪಕ್ಕದಲ್ಲೊಂದು ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ಹಾಗಾಗಿ Edit ಒತ್ತಿ ಕ್ರಾಪ್‌ಗೆ ಹೋದರೆ ಇಡೀ ಚಿತ್ರ ಮತ್ತೆ ಎದುರಿಗೆ ಬರುತ್ತದೆ; ಚೌಕಟ್ಟನ್ನು ಹೊರಕ್ಕೆ ಎಳೆದರೆ ಸಾಕು, ಸೋದರಮಾವ ಹಾಜರ್. Revert ಒತ್ತಿದರೂ ಮೂಲ ಚಿತ್ರ ಬರುತ್ತದೆ, ಆದರೆ ಬಣ್ಣ, ಬೆಳಕಿನ ತಿದ್ದುಪಡಿಗಳೂ ಅದರೊಂದಿಗೆ ಅಳಿಯುತ್ತವೆ. ಅಜ್ಜಿಯ ಚಿತ್ರವೂ ಬೇಕಿದ್ದರೆ ಮೊದಲೇ ಒಂದು ನಕಲು ಮಾಡಿಟ್ಟುಕೊಳ್ಳಿ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲೂ Revert ಇದೆ.

ಇನ್ನು ಕೆಲವು ಆ್ಯಪ್‌ಗಳು ಹಳೆಯ ಕಡತದ ಮೇಲೇ ಹೊಸದನ್ನು ಬರೆದುಬಿಡುತ್ತವೆ. ಅಲ್ಲಿ ಅಂಚು ಹೋಯಿತೆಂದರೆ ಹೋಯಿತು. ಯಾವ ಆ್ಯಪ್ ಹೇಗೆ ಎಂದು ತಿಳಿಯಲು ಬೇಡದ ಫೋಟೋ ಒಂದನ್ನು ಕ್ರಾಪ್ ಮಾಡಿ, ಉಳಿಸಿ, ಮತ್ತೆ ತೆರೆದು ನೋಡಿ. ಮರಳುವ ದಾರಿ ಕಾಣದಿದ್ದರೆ ಇನ್ನು ಮುಂದೆ Save copy ಒತ್ತುವುದೇ ಸರಿ.

ಹಿಂದಿರುಗುವ ಈ ಸೌಲಭ್ಯ ನಿಮ್ಮ ಗ್ಯಾಲರಿಯೊಳಗೆ ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಕಳಿಸಿದಾಗ ಹೋಗುವುದು ಕತ್ತರಿಸಿದ ಚಿತ್ರವಷ್ಟೇ. ನಿಮ್ಮ ಫೋನಿನಲ್ಲಿ ಮೂಲ ಅಳಿದುಹೋದರೆ, ಆ ನಕಲಿನಿಂದ ಸೋದರಮಾವನನ್ನು ಹಿಂದಕ್ಕೆ ತರಲಾಗದು.

ಬೇಡವೆಂದು ಕತ್ತರಿಸಿದ್ದು ಮರಳಿ ಬಂದ ಪ್ರಸಂಗವೂ ಉಂಟು. ಗೂಗಲ್ ಪಿಕ್ಸೆಲ್ ಫೋನುಗಳ ಮಾರ್ಕಪ್ ಎಂಬ ಸಾಧನದಲ್ಲಿದ್ದ ದೋಷವನ್ನು 2023ರಲ್ಲಿ ಸೈಮನ್ ಆರನ್ಸ್ ಮತ್ತು ಡೇವಿಡ್ ಬುಕಾನನ್ ಬಯಲು ಮಾಡಿದರು. ಕ್ರಾಪ್ ಮಾಡಿದ ಸ್ಕ್ರೀನ್‌ಶಾಟನ್ನು ಅದು ಹಳೆಯ ಕಡತದ ಮೇಲೇ ಬರೆಯುತ್ತಿತ್ತು. ಹೊಸ ಚಿತ್ರ ಚಿಕ್ಕದಾಗಿದ್ದಾಗ ಉಳಿದ ಬಾಲವನ್ನು ಕತ್ತರಿಸುವುದನ್ನು ಮಾತ್ರ ಬಿಟ್ಟಿತ್ತು. 2 ಎಂಬಿ ಕಡತದ ಮೊದಲ 300 ಕೆಬಿಯಲ್ಲಿ ಹೊಸ ಚಿತ್ರ, ಮಿಕ್ಕದ್ದರಲ್ಲಿ ಹಳೆಯದರ ಶೇಷ. ತೆರೆದರೆ ಹೊಸದಷ್ಟೇ ಕಾಣುತ್ತದೆ, ಆದರೆ ಬಲ್ಲವರು ಆ ಶೇಷದಿಂದ ಹಳೆಯ ಚಿತ್ರದ ಒಂದು ಭಾಗವನ್ನು ಮತ್ತೆ ಕಟ್ಟಬಹುದಿತ್ತು. ಬ್ಯಾಂಕ್ ಖಾತೆಯ ವಿವರವನ್ನು ಕತ್ತರಿಸಿ ಕಳಿಸಿದವರಿಗೆ ಇದೆಷ್ಟು ಗಂಭೀರ ಎಂದು ಬೇರೆ ಹೇಳಬೇಕಿಲ್ಲ. ಚಿತ್ರ ಅಂಗೈಯಗಲಕ್ಕೆ ಇಳಿದರೂ ಕಡತದ ತೂಕ ಮೊದಲಿನಷ್ಟೇ ಇರುವುದು ಇದರ ಗುರುತು.

2023ರ ಮಾರ್ಚ್ ಅಪ್‌ಡೇಟ್‌ನಲ್ಲಿ ದೋಷ ಸರಿಹೋಯಿತು. ಆದರೆ ಅದಕ್ಕೂ ಮೊದಲು ಕತ್ತರಿಸಿ ಹಂಚಿದ ಕಡತಗಳನ್ನು ಯಾವ ಅಪ್‌ಡೇಟೂ ತಿದ್ದಲಾರದು. ಅಂಥವು ಇಮೇಲ್‌ನಲ್ಲೋ ಡ್ರೈವ್‌ನಲ್ಲೋ ಇದ್ದರೆ ಹುಡುಕಿ ಅಳಿಸಬೇಕು.